ಮಗುವಿನ ಹಿಂದೆ ಬೀಳಬಾರದ ಜಾಹೀರಾತು, ಪೋಷಕರಿಗೆ ಹೇಳಬಾರದ ಮಾತು

ಪಿಯುಸಿ ವಿದ್ಯಾರ್ಥಿಗಳಿಗೆ ಸಿಇಟಿ, ನೀಟ್ ತರಬೇತಿ ಕೊಡುವ ಕೋಚಿಂಗ್ ಸೆಂಟರಿಗೆ ಗ್ರಾಹಕ ಯಾರು? ತರಗತಿಯಲ್ಲಿ ಕೂರುವವರಿಗೆ ಹದಿನೈದರಿಂದ ಹದಿನೇಳು ವರ್ಷ. ಫೀಸು ಕಟ್ಟುವವರು ಅವರ ಅಪ್ಪ ಅಮ್ಮ. ಯಾವ ಸೆಂಟರ್ ಎಂದು ಹಟ ಹಿಡಿಯುವುದು ಹೆಚ್ಚಾಗಿ ಮಗು, ತೀರ್ಮಾನಿಸುವವರು ಪೋಷಕರು. ಬಿಸ್ಕತ್ತು, ಆಟಿಕೆಗಳ ವ್ಯಾಪಾರದಲ್ಲೂ ಹೀಗೇ ಇದೆ. ಆದರೆ ಅಲ್ಲಿ ಖರ್ಚಾಗುವ ಹಣ ಹತ್ತಿಪ್ಪತ್ತು ರೂಪಾಯಿ, ಇಲ್ಲಿ ಒಂದು ಮನೆಯ ವರ್ಷದ ಉಳಿತಾಯ. ಆದ್ದರಿಂದ ಶಿಕ್ಷಣದ ಜಾಹೀರಾತು ಯಾರನ್ನು ಗುರಿ ಮಾಡಬಹುದು, ಅವರಿಗೆ ಏನು ಹೇಳಬಹುದು ಎಂಬ ಎರಡೂ ಪ್ರಶ್ನೆಗಳಿಗೆ ಈಗ ನಿಯಮಗಳಿವೆ. ಮೊದಲನೆಯದಕ್ಕೆ ಉತ್ತರ ದತ್ತಾಂಶ ಕಾನೂನಿನಲ್ಲೂ ಗೂಗಲ್, ಮೆಟಾ ಕಂಪನಿಗಳ ಸ್ವಂತ ನಿಯಮಗಳಲ್ಲೂ ಇದೆ. ಎರಡನೆಯದಕ್ಕೆ ಉತ್ತರ ಗ್ರಾಹಕ ಕಾನೂನಿನಲ್ಲಿದೆ. ಇವೆರಡನ್ನೂ ಒಟ್ಟಿಗೆ ಓದದಿದ್ದರೆ ಅರ್ಧ ಚಿತ್ರ ಮಾತ್ರ ಸಿಗುತ್ತದೆ.

ಹದಿನೆಂಟು ತುಂಬುವವರೆಗೂ ಮಗುವೇ

ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ಪ್ರಕಾರ ಹದಿನೆಂಟು ವರ್ಷ ತುಂಬದವರೆಲ್ಲ ಮಕ್ಕಳು. ಅಮೆರಿಕದಲ್ಲಿ ಮಕ್ಕಳ ಆನ್‌ಲೈನ್ ಖಾಸಗಿತನದ ಕಾನೂನು ಹದಿಮೂರಕ್ಕಿಂತ ಚಿಕ್ಕವರನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ಹಾಗಾಗಿ ಅಲ್ಲಿ ಹೈಸ್ಕೂಲು ವಿದ್ಯಾರ್ಥಿ ಆ ಕಾನೂನಿನ ಹೊರಗೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಹುಡುಗಿಯೂ ದ್ವಿತೀಯ ಪಿಯುಸಿ ಹುಡುಗನೂ ಒಳಗೇ ಬರುತ್ತಾರೆ. ಅಂದರೆ ಶಾಲೆ, ಟ್ಯೂಷನ್, ಪ್ರವೇಶ ಪರೀಕ್ಷೆಯ ತರಬೇತಿ, ಇವೆಲ್ಲದರ ವಿದ್ಯಾರ್ಥಿಗಳು ಹೆಚ್ಚುಕಡಿಮೆ ಪೂರ್ತಿಯಾಗಿ ಈ ಕಾನೂನಿನ ಕೈಗೆ ಸಿಗುತ್ತಾರೆ.

ನಮಗೆ ಬೇಕಾದದ್ದು ಕಾಯ್ದೆಯ ಒಂಬತ್ತನೆಯ ಕಲಮು. ಮಗುವಿನ ಯಾವುದೇ ವೈಯಕ್ತಿಕ ದತ್ತಾಂಶವನ್ನು ಬಳಸುವ ಮೊದಲು ಪೋಷಕರ ಒಪ್ಪಿಗೆ ಬೇಕು. ಒಪ್ಪಿಗೆ ಕೊಟ್ಟವರು ನಿಜಕ್ಕೂ ಪೋಷಕರೇ ಎಂಬುದನ್ನು ತಾಳೆ ನೋಡಿರಬೇಕು. ಮಕ್ಕಳ ಜಾಡು ಹಿಡಿಯುವಂತಿಲ್ಲ, ಅವರ ನಡವಳಿಕೆಯ ಮೇಲೆ ಕಣ್ಣಿಡುವಂತಿಲ್ಲ, ಅವರನ್ನು ಗುರಿಯಾಗಿಸಿ ಜಾಹೀರಾತು ನೀಡುವಂತಿಲ್ಲ. ಈ ಕೊನೆಯ ಮೂರಕ್ಕೆ ಪೋಷಕರು ಒಪ್ಪಿದರೂ ಬಿಡುಗಡೆ ಇಲ್ಲ ಎಂಬುದನ್ನು ಗಮನಿಸಬೇಕು. ಅಪ್ಪ ಸಹಿ ಹಾಕಿ ಕೊಟ್ಟ ಮಾತ್ರಕ್ಕೆ ಮಗನಿಗೆ ಗುರಿಯಿಟ್ಟ ಜಾಹೀರಾತು ಸಕ್ರಮವಾಗುವುದಿಲ್ಲ. ಈ ಕಲಮನ್ನು ಮುರಿದರೆ 200 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ.

ಕಾಯ್ದೆಯ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಎಲ್ಲವೂ ಒಮ್ಮೆಲೇ ಜಾರಿಗೆ ಬರಲಿಲ್ಲ. ದತ್ತಾಂಶ ಸಂರಕ್ಷಣಾ ಮಂಡಳಿಗೆ ಸಂಬಂಧಿಸಿದ ಭಾಗ ಕೂಡಲೇ ಜಾರಿಯಾಯಿತು. ಮಕ್ಕಳ ಕುರಿತ ಕಟ್ಟುಪಾಡುಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ಸಿಕ್ಕಿತು, ಅಂದರೆ 2027ರ ಮೇ. ಎಸ್ಸೆಸ್ಸೆಲ್ಸಿ ಮುಗಿದು ಪ್ರಥಮ ಪಿಯುಸಿ ದಾಖಲಾತಿ ನಡೆಯುವ ಕಾಲವೂ ಅದೇ. ಕೋಚಿಂಗ್ ವ್ಯಾಪಾರಕ್ಕೆ ಇದಕ್ಕಿಂತ ಇಕ್ಕಟ್ಟಿನ ತಿಂಗಳು ಬೇರೆ ಇಲ್ಲ.

ಶಿಕ್ಷಣ ಸಂಸ್ಥೆಗಳಿಗೆ ನಿಯಮಗಳಲ್ಲಿ ಒಂದು ವಿನಾಯಿತಿ ಇದೆ. ಅದರ ಅಳತೆಯನ್ನು ತಪ್ಪಾಗಿ ಅರ್ಥಮಾಡಿಕೊಳ್ಳುವವರೂ ಇದ್ದಾರೆ. ತಮ್ಮಲ್ಲಿ ಸೇರಿದ ಮಕ್ಕಳ ಕಲಿಕೆಗಾಗಿ ಅಥವಾ ಸುರಕ್ಷತೆಗಾಗಿ ಶಾಲೆಯೊಂದು ಅವರ ಚಲನವಲನ, ನಡವಳಿಕೆಗಳನ್ನು ಗಮನಿಸಬಹುದು. ಹಾಜರಾತಿ ಆ್ಯಪ್, ಪಾಠದಲ್ಲಿ ಯಾರು ಎಲ್ಲಿ ಹಿಂದುಳಿದರು ಎಂಬ ವರದಿ ಇವೆಲ್ಲ ಅದರಲ್ಲಿ ಸೇರುತ್ತವೆ. ಮುಂದಿನ ವರ್ಷದ ದಾಖಲಾತಿಗೆ ಜಾಹೀರಾತು ಕೊಡುವುದು ಕಲಿಕೆಯ ಕೆಲಸವೂ ಅಲ್ಲ, ಸುರಕ್ಷತೆಯ ಕೆಲಸವೂ ಅಲ್ಲ. ‘ನಾವು ಶಿಕ್ಷಣ ಸಂಸ್ಥೆ, ನಮಗೆ ವಿನಾಯಿತಿ ಇದೆ’ ಎಂಬ ಮಾತು ಜಾಹೀರಾತಿನ ಹೊಸ್ತಿಲಲ್ಲೇ ನಿಂತುಬಿಡುತ್ತದೆ.

ಗೂಗಲ್, ಮೆಟಾ ಮೊದಲೇ ಮುಚ್ಚಿದ ಬಾಗಿಲು

ಕಾನೂನಿನ ಗಡುವಿಗೆ ಕಾಯದೆ ದೊಡ್ಡ ವೇದಿಕೆಗಳು ತಾವಾಗಿಯೇ ಕೆಲವು ದಾರಿಗಳನ್ನು ಮುಚ್ಚಿವೆ. 2021ರಲ್ಲಿ ಮೆಟಾ ಕಂಪನಿ (ಆಗಿನ್ನೂ ಅದರ ಹೆಸರು ಫೇಸ್‌ಬುಕ್) ಹದಿನೆಂಟಕ್ಕಿಂತ ಚಿಕ್ಕವರ ಆಸಕ್ತಿಗಳನ್ನಾಗಲಿ, ಬೇರೆ ಆ್ಯಪ್ ಮತ್ತು ವೆಬ್‌ಸೈಟ್‌ಗಳಲ್ಲಿ ಅವರು ಏನು ಮಾಡಿದರು ಎಂಬುದನ್ನಾಗಲಿ ಜಾಹೀರಾತುದಾರರು ಬಳಸದಂತೆ ಮಾಡಿತು. ಉಳಿದದ್ದು ವಯಸ್ಸು, ಲಿಂಗ, ಊರು. 2023ರಲ್ಲಿ ಲಿಂಗವನ್ನೂ ತೆಗೆಯಿತು. ಈಗ ಹದಿಹರೆಯದವರ ವಿಷಯದಲ್ಲಿ ಆರಿಸಿಕೊಳ್ಳಲು ಇರುವುದು ವಯಸ್ಸು ಮತ್ತು ಸ್ಥಳ ಮಾತ್ರ. ‘ನೀಟ್‌ನಲ್ಲಿ ಆಸಕ್ತಿ ಇರುವ ಹದಿನಾರರ ಹುಡುಗರು’ ಎಂಬ ಗುಂಪನ್ನು ಕಟ್ಟಲು ಬರುವುದಿಲ್ಲ. ‘ನಮ್ಮ ವೆಬ್‌ಸೈಟಿಗೆ ಬಂದು ಫಾರ್ಮ್ ತುಂಬದೆ ಹೋದ ವಿದ್ಯಾರ್ಥಿಗಳನ್ನು’ ಮತ್ತೆ ಹಿಂಬಾಲಿಸುವ ರೀಮಾರ್ಕೆಟಿಂಗ್ ಕೂಡ ಅವರಿಗೆ ನಡೆಯುವುದಿಲ್ಲ.

ಗೂಗಲ್ ಕೂಡ 2021ರಲ್ಲಿ ಹದಿನೆಂಟಕ್ಕಿಂತ ಚಿಕ್ಕವರ ವಯಸ್ಸು, ಲಿಂಗ, ಆಸಕ್ತಿ ಆಧರಿಸಿದ ಗುರಿಯಿಡುವಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಗೂಗಲ್ ಆ್ಯಡ್ಸ್‌ನ ವಯಸ್ಸಿನ ಪಟ್ಟಿ ಶುರುವಾಗುವುದೇ 18–24ರಿಂದ. ಯೂಟ್ಯೂಬ್‌ನಲ್ಲಿ ಮಕ್ಕಳಿಗಾಗಿ ಮಾಡಿದ್ದು ಎಂದು ಗುರುತಿಸಿದ ವಿಡಿಯೊಗಳಲ್ಲಿ 2020ರ ಜನವರಿಯಿಂದ ವೈಯಕ್ತಿಕ ಮಾಹಿತಿ ಆಧರಿಸಿದ ಜಾಹೀರಾತು ಇಲ್ಲ. ಅಮೆರಿಕದ ವ್ಯಾಪಾರ ಆಯೋಗದೊಂದಿಗೆ 2019ರಲ್ಲಿ 17 ಕೋಟಿ ಡಾಲರ್ ಕಟ್ಟಿ ಮಾಡಿಕೊಂಡ ರಾಜಿಯ ಫಲ ಅದು.

ಹಾಗಾದರೆ ಉಳಿದ ದಾರಿ ಯಾವುದು? ಒಂದು, ನೋಡುತ್ತಿರುವ ವ್ಯಕ್ತಿ ಯಾರೆಂದು ಕೇಳದೆ, ಅವರು ನೋಡುತ್ತಿರುವ ವಿಷಯದ ಪಕ್ಕದಲ್ಲಿ ಜಾಹೀರಾತು ಇಡುವುದು. ‘ಹುಬ್ಬಳ್ಳಿಯಲ್ಲಿ ಪಿಯುಸಿ ಸೈನ್ಸ್ ಕಾಲೇಜು’ ಎಂದು ಹುಡುಕಿದವರಿಗೆ ಆ ಹುಡುಕಾಟಕ್ಕೆ ಉತ್ತರವಾಗಿ ಜಾಹೀರಾತು ಬರುತ್ತದೆ, ಹುಡುಕಿದವರು ಮಗುವೋ ಅಮ್ಮನೋ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಆದರೆ ದ್ವಿತೀಯ ಪಿಯುಸಿ ಜೀವಶಾಸ್ತ್ರ ಪಾಠ ಮಾಡುವ ಯೂಟ್ಯೂಬ್ ಚಾನೆಲನ್ನೇ ಆರಿಸಿ ಜಾಹೀರಾತು ಹಾಕಿದರೆ? ನೋಡುಗರೆಲ್ಲ ಬಹುತೇಕ ಅಪ್ರಾಪ್ತರೇ. ಗುರಿಯಿಟ್ಟ ಜಾಹೀರಾತು ಎಂದರೆ ಏನು ಎಂದು ಕಾಯ್ದೆ ವಿವರಿಸಿಲ್ಲ. ದತ್ತಾಂಶವನ್ನು ಬಳಸದಿದ್ದರೆ ಕಾಯ್ದೆಗೆ ಅಲ್ಲಿ ಕೆಲಸವಿಲ್ಲ ಎಂದು ಓದಬಹುದು, ಮಕ್ಕಳನ್ನೇ ಉದ್ದೇಶಿಸಿದ್ದರಿಂದ ನಿಷಿದ್ಧ ಎಂದೂ ಓದಬಹುದು. ನನ್ನ ಮಟ್ಟಿಗೆ ಮೊದಲ ಓದು ಕಾಯ್ದೆಯ ರಚನೆಗೆ ಹತ್ತಿರ, ಏಕೆಂದರೆ ಅದು ಇಡಿಯಾಗಿ ದತ್ತಾಂಶದ ಬಳಕೆಯನ್ನು ಕುರಿತದ್ದು. ಮಂಡಳಿ ಬೇರೆ ರೀತಿ ಹೇಳುವ ಸಾಧ್ಯತೆ ಇದ್ದೇ ಇದೆ.

ಎರಡನೆಯ ದಾರಿ ಪೋಷಕರದು. ಶಿಕ್ಷಣದ ಜಾಹೀರಾತಿನ ಹಣ ಈಗ ಇಲ್ಲಿಗೂ ಹರಿಯುತ್ತದೆ.

ಪೋಷಕರು ಎಂದು ಯಂತ್ರ ಊಹಿಸುವ ಬಗೆ

ಗೂಗಲ್ ಆ್ಯಡ್ಸ್‌ನಲ್ಲಿ ಪೋಷಕರು, ಪೋಷಕರಲ್ಲದವರು, ತಿಳಿದಿಲ್ಲದವರು ಎಂಬ ಮೂರು ಗುಂಪುಗಳಿವೆ. ಪೋಷಕರ ಒಳಗೆ ಮಕ್ಕಳ ವಯಸ್ಸಿನ ಪ್ರಕಾರ ಮತ್ತೆ ವಿಂಗಡಣೆ ಇದೆ: ಕೂಸುಗಳು, ಅಂಬೆಗಾಲಿನವರು, ಶಾಲೆಗೆ ಹೋಗುವವರು, 13ರಿಂದ 17ರ ಹದಿಹರೆಯದವರು. ಮೆಟಾದಲ್ಲೂ ಇಂಥದೇ ಪಟ್ಟಿ ಇದೆ. ಕೋಚಿಂಗ್ ಸೆಂಟರ್ ಆರಿಸುವುದು ಸಹಜವಾಗಿ ಕೊನೆಯ ಗುಂಪನ್ನು.

ಆದರೆ ಇದು ಜನಗಣತಿಯ ಪಟ್ಟಿಯಲ್ಲ. ಬಳಕೆದಾರರು ಏನು ಹುಡುಕಿದರು, ಏನು ನೋಡಿದರು ಎಂಬುದರಿಂದ ಮಾಡಿದ ಊಹೆ. ತಿಳಿದಿಲ್ಲದವರ ಗುಂಪು ಕೆಲವು ಊರುಗಳಲ್ಲಿ ಉಳಿದೆರಡಕ್ಕಿಂತ ದೊಡ್ಡದಿರಬಹುದು. ಅದನ್ನು ಹೊರಗಿಟ್ಟರೆ ಎಷ್ಟೋ ನಿಜವಾದ ಪೋಷಕರು ತಪ್ಪಿಹೋಗುತ್ತಾರೆ, ಒಳಗಿಟ್ಟರೆ ಯಾರು ಯಾರೋ ಸೇರಿಕೊಳ್ಳುತ್ತಾರೆ.

ಇದಕ್ಕಿಂತ ದೊಡ್ಡ ತೊಡಕು ನಮ್ಮ ಮನೆಗಳದು. ಒಂದೇ ಮೊಬೈಲು ಇಡೀ ಮನೆಗೆ. ಹಗಲೆಲ್ಲ ಅಪ್ಪನ ಜೇಬಿನಲ್ಲಿದ್ದ ಫೋನು ಸಂಜೆ ಮಗಳ ಕೈಗೆ ಬರುತ್ತದೆ. ಖಾತೆ ನಲವತ್ತೆರಡು ವರ್ಷದ ಅಪ್ಪನದು, ನೋಡುತ್ತಿರುವವಳು ಹದಿನಾರರ ಹುಡುಗಿ, ಅವಳು ಹುಡುಕುತ್ತಿರುವುದು ಭೌತಶಾಸ್ತ್ರದ ಲೆಕ್ಕ. ಯಂತ್ರದ ಕಣ್ಣಿಗೆ ಇದು ‘ಹದಿಹರೆಯದ ಮಗುವಿರುವ ಪೋಷಕ’ ಎಂಬುದಕ್ಕೆ ಬಲವಾದ ಸಾಕ್ಷಿ! ಅಂದರೆ ಪೋಷಕರಿಗೆಂದು ಕಳಿಸಿದ ಜಾಹೀರಾತು ಎಷ್ಟೋ ಸಲ ಮಗುವಿನ ಕಣ್ಣಿಗೇ ಬೀಳುತ್ತದೆ. ವೇದಿಕೆಯ ನಿಯಮ ಮುರಿದಿಲ್ಲ, ಜಾಹೀರಾತುದಾರನೂ ಬೇಕೆಂದು ಮಾಡಿಲ್ಲ. ವಯಸ್ಸನ್ನು ಖಾತೆಯಿಂದ ಓದುವ ಯಾವ ವ್ಯವಸ್ಥೆಗೂ ಈ ಮಿತಿ ತಪ್ಪಿದ್ದಲ್ಲ. ಆದ್ದರಿಂದ ಪೋಷಕರಿಗೆಂದು ಬರೆದ ಜಾಹೀರಾತನ್ನೂ ಮಗು ಓದಬಹುದು ಎಂದೇ ಭಾವಿಸಿ ಬರೆಯಬೇಕಾಗುತ್ತದೆ.

ಏನು ಹೇಳಬಾರದು

ದತ್ತಾಂಶ ಕಾನೂನು ಮಗುವಿನ ಹಿಂದೆ ಬೀಳಬೇಡ ಎನ್ನುತ್ತದೆ. ಪೋಷಕರನ್ನು ಹೆದರಿಸಬೇಡ ಎಂದು ಅದು ಹೇಳುವುದಿಲ್ಲ. ಗುರಿ ಮಗುವಿನಿಂದ ಪೋಷಕರಿಗೆ ಸರಿದಾಗ ಹೆದರಿಕೆಯೂ ಜೊತೆಗೇ ಸರಿಯಿತು. 2022ರ ಡಿಸೆಂಬರ್‌ನಲ್ಲಿ ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗದ ಅಂದಿನ ಅಧ್ಯಕ್ಷ ಪ್ರಿಯಾಂಕ್ ಕಾನೂಂಗೊ ಅವರು ಬೆಂಗಳೂರಿನ ಬೈಜೂಸ್ ಕಂಪನಿಯ ಮೇಲೆ ಹೊರಿಸಿದ ಆರೋಪ ಇದನ್ನೇ ಕುರಿತದ್ದು. ಮಕ್ಕಳ ಹಾಗೂ ಪೋಷಕರ ಫೋನ್ ನಂಬರುಗಳನ್ನು ಕೊಂಡು, ಕೋರ್ಸ್ ತೆಗೆದುಕೊಳ್ಳದಿದ್ದರೆ ಮಗುವಿನ ಭವಿಷ್ಯ ಹಾಳು ಎಂದು ಬೆದರಿಸಲಾಗುತ್ತಿದೆ ಎಂದು ಅವರು ಹೇಳಿದ್ದರು. ನಂಬರು ಕೊಳ್ಳುವ ಆರೋಪವನ್ನು ಕಂಪನಿ ಅಲ್ಲಗಳೆಯಿತು.

ಮಾತಿನ ಮೇಲಿನ ಕಡಿವಾಣ ಇರುವುದು ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮಕ್ಕಳ ಕುರಿತ ಜಾಹೀರಾತಿಗೇ ಒಂದು ಭಾಗ ಮೀಸಲಿದೆ. ಇದನ್ನು ಕೊಳ್ಳದಿದ್ದರೆ ಮಗು ಕೀಳಾಗುತ್ತದೆ, ಗೆಳೆಯರ ನಡುವೆ ನಗೆಪಾಟಲಾಗುತ್ತದೆ ಎಂಬ ಸೂಚನೆ ಕೂಡದು. ‘ಅಪ್ಪನಿಗೆ ಹೇಳಿ ಕೊಡಿಸಿಕೋ’ ಎಂದು ಮಗುವನ್ನು ನೇರವಾಗಿ ಎತ್ತಿಕಟ್ಟುವುದು ಕೂಡದು. ಆಧಾರವಿಲ್ಲದೆ ಬುದ್ಧಿ ಹೆಚ್ಚುತ್ತದೆ ಎನ್ನುವಂತಿಲ್ಲ.

2024ರ ನವೆಂಬರ್‌ನಲ್ಲಿ ಕೋಚಿಂಗ್ ವಲಯಕ್ಕೆಂದೇ ಪ್ರತ್ಯೇಕ ಮಾರ್ಗಸೂಚಿ ಬಂತು. ರ್‍ಯಾಂಕ್ ಬಂದವರ ಫೋಟೊ ಹಾಕುವುದಾದರೆ ಅವರು ಯಾವ ಕೋರ್ಸ್ ಎಷ್ಟು ಕಾಲ ಓದಿದರು, ದುಡ್ಡು ಕಟ್ಟಿ ಓದಿದರೇ ಎಂಬುದನ್ನೂ ಹೇಳಬೇಕು. ಆ ವಿದ್ಯಾರ್ಥಿಯ ಲಿಖಿತ ಒಪ್ಪಿಗೆ ಬೇಕು, ಅದೂ ಆಯ್ಕೆಯಾದ ಮೇಲೆ ಪಡೆದದ್ದು. ದಾಖಲಾತಿಯ ದಿನವೇ ಎಲ್ಲರಿಂದ ಸಹಿ ಹಾಕಿಸಿಟ್ಟುಕೊಳ್ಳುವ ಚಾಳಿಗೆ ಇದರಿಂದ ಕುತ್ತು ಬಂತು. ರ್‍ಯಾಂಕ್ ಖಚಿತ, ಕೊನೆಯ ಕೆಲವೇ ಸೀಟು ಎಂಬಂಥ ಹುಸಿ ಭರವಸೆ, ಹುಸಿ ಅವಸರಗಳಿಗೂ ನಿಷೇಧವಿದೆ. ಆ ಹೊತ್ತಿಗಾಗಲೇ ಪ್ರಾಧಿಕಾರ 45 ಕೋಚಿಂಗ್ ಸಂಸ್ಥೆಗಳಿಗೆ ನೋಟಿಸ್ ಕೊಟ್ಟು, 18 ಸಂಸ್ಥೆಗಳಿಗೆ ದಂಡ ಹಾಕಿತ್ತು.

ಜಾಹೀರಾತು ಉದ್ಯಮದ ಸ್ವಯಂ ನಿಯಂತ್ರಣ ಮಂಡಳಿಯಾದ ಆಸ್ಕಿ 2023ರಲ್ಲಿ ತನ್ನ ಶಿಕ್ಷಣ ಮಾರ್ಗಸೂಚಿಯನ್ನು ತಿದ್ದಿತು. ಅದರಲ್ಲಿರುವ ಎರಡು ಮಾತು ನನಗೆ ಎಲ್ಲ ಕಾನೂನುಗಳಿಗಿಂತ ಮನೆಯ ಹತ್ತಿರದ್ದೆನಿಸುತ್ತದೆ. ನಿದ್ದೆ, ಊಟ ಬಿಟ್ಟು ಓದುವ ಶಾಲಾ ಮಗುವನ್ನು ಸಹಜವೆಂಬಂತೆ ತೋರಿಸಬಾರದು. ಕಡಿಮೆ ಅಂಕ ಬಂದವನನ್ನು ಸೋತವನೆಂದೋ, ಅಪ್ಪ ಅಮ್ಮನ ಪ್ರೀತಿ ಕಳೆದುಕೊಂಡವನೆಂದೋ ಚಿತ್ರಿಸಬಾರದು. ಆಸ್ಕಿಗೆ ದಂಡ ಹಾಕುವ ಅಧಿಕಾರವಿಲ್ಲ ನಿಜ. ಆದರೂ ಅದರ ಮಾತಿಗೆ ಪತ್ರಿಕೆ, ಟಿ.ವಿ.ಗಳಲ್ಲಿ ಬೆಲೆ ಇದೆ.

ಒಂದು ಪ್ರಚಾರದ ಲೆಕ್ಕ

ಹುಬ್ಬಳ್ಳಿಯಲ್ಲಿ ಸಿಇಟಿ, ನೀಟ್ ತರಬೇತಿಯ ಒಂದು ಮಧ್ಯಮ ಗಾತ್ರದ ಸೆಂಟರ್ ಇದೆ ಎಂದಿಟ್ಟುಕೊಳ್ಳೋಣ. ಏಪ್ರಿಲ್, ಮೇ ಎರಡು ತಿಂಗಳಿಗೆ ಆನ್‌ಲೈನ್ ಜಾಹೀರಾತಿಗೆ ಒಂದು ಲಕ್ಷ ರೂಪಾಯಿ ಎತ್ತಿಟ್ಟಿದೆ.

ಹಳೆಯ ಪದ್ಧತಿ ಹೀಗಿತ್ತು: ‘ಉಚಿತ ಮಾಕ್ ಟೆಸ್ಟ್’ ಎಂಬ ಜಾಹೀರಾತು ಇನ್‌ಸ್ಟಾಗ್ರಾಂನಲ್ಲಿ ವಿದ್ಯಾರ್ಥಿಗಳಿಗೆ. ಪರೀಕ್ಷೆ ಬರೆಯಲು ಹೆಸರು, ಶಾಲೆ, ಎಸ್ಸೆಸ್ಸೆಲ್ಸಿ ಅಂಕ, ಮೊಬೈಲ್ ನಂಬರು ಕೊಡಬೇಕು. ಪರೀಕ್ಷೆ ಮುಗಿದ ಸಂಜೆ ಟೆಲಿಕಾಲರ್ ಫೋನು. ಫಾರ್ಮ್ ಅರ್ಧಕ್ಕೆ ಬಿಟ್ಟವರಿಗೆ ರೀಮಾರ್ಕೆಟಿಂಗ್. ಇದರಲ್ಲಿ ಕೊನೆಯ ಹೆಜ್ಜೆಯನ್ನು ವೇದಿಕೆಗಳೇ ಅಪ್ರಾಪ್ತರಿಗೆ ನಿಲ್ಲಿಸಿವೆ. ಎರಡನೆಯ ಹೆಜ್ಜೆ, ಅಂದರೆ ಮಗುವಿನಿಂದಲೇ ಮಾಹಿತಿ ಪಡೆಯುವುದು, 2027ರ ಮೇ ನಂತರ ಪೋಷಕರ ತಾಳೆ ನೋಡಿದ ಒಪ್ಪಿಗೆ ಇಲ್ಲದೆ ನಡೆಯುವುದಿಲ್ಲ. ‘ನನಗೆ 18 ತುಂಬಿದೆ’ ಎಂಬ ಒಂದು ಟಿಕ್ ಗುರುತು ಆಗ ಸಾಲದು. ಪೋಷಕರು ವಯಸ್ಕರು ಎಂಬುದನ್ನು ಸಂಸ್ಥೆಯ ಬಳಿ ಆಗಲೇ ಇರುವ ನಂಬಲರ್ಹ ಗುರುತಿನಿಂದಲೋ, ಅವರಾಗಿಯೇ ಕೊಟ್ಟ ದಾಖಲೆಯಿಂದಲೋ, ಡಿಜಿಲಾಕರ್‌ನಂಥ ವ್ಯವಸ್ಥೆಯ ಮೂಲಕವೋ ಖಾತರಿ ಮಾಡಿಕೊಳ್ಳಬೇಕು. ಒಂದು ಉಚಿತ ಪರೀಕ್ಷೆಗೆ ಇಷ್ಟು ಮಾಡುವವರು ಕಡಿಮೆ. ಉಚಿತ ಮಾಕ್ ಟೆಸ್ಟ್ ಎಂಬ ಬಲೆ ಈ ರೂಪದಲ್ಲಿ ಉಳಿಯುವುದು ಕಷ್ಟ.

ಹೊಸ ಯೋಜನೆಯಲ್ಲಿ ಹಣದ ದೊಡ್ಡ ಪಾಲು ಹುಡುಕಾಟದ ಜಾಹೀರಾತಿಗೆ ಹೋಗಬೇಕು, ಹುಬ್ಬಳ್ಳಿ–ಧಾರವಾಡದ ಸುತ್ತಮುತ್ತಲಿಗೆ ಸೀಮಿತವಾಗಿ. ಉಳಿದದ್ದು ಯೂಟ್ಯೂಬ್ ಮತ್ತು ಫೇಸ್‌ಬುಕ್‌ನಲ್ಲಿ 35ರಿಂದ 54ರ ವಯಸ್ಕರಿಗೆ. ಮಕ್ಕಳ ವಿಡಿಯೊಗಳನ್ನು ಹೊರಗಿಡಬೇಕು. ಜಾಹೀರಾತಿನಲ್ಲಿ ಫೀಸು, ಬ್ಯಾಚಿನ ಗಾತ್ರ, ಪಾಠದ ಸಮಯ, ಹಣ ವಾಪಸಾತಿಯ ನಿಯಮ ಇರಬೇಕು. ಪೋಷಕರು ನಿಜವಾಗಿ ಕೇಳುವುದೂ ಇವನ್ನೇ. ಫಾರ್ಮ್‌ನಲ್ಲಿ ಪೋಷಕರ ಹೆಸರು, ನಂಬರು, ಕರೆ ಮಾಡಬಹುದಾದ ಹೊತ್ತು ಇಷ್ಟೇ ಸಾಕು. ಮಗುವಿನ ಹೆಸರು, ಜನ್ಮದಿನಾಂಕ, ಅಂಕಗಳನ್ನು ತುಂಬಿದವರು ಪೋಷಕರೇ ಆದರೂ ಅವು ಮಗುವಿನ ದತ್ತಾಂಶವೇ. ಸೆಂಟರಿಗೆ ಬಂದು ಕೂತು ಮಾತಾಡುವಾಗ ಅವನ್ನು ಕೇಳಿಕೊಳ್ಳಬಹುದು, ಒಪ್ಪಿಗೆಯನ್ನೂ ಆಗಲೇ ಸರಿಯಾಗಿ ಪಡೆಯಬಹುದು.

ಎಲ್ಲರೂ ಮರೆಯುವ ಜಾಗ ಒಂದಿದೆ. ಬಹಳಷ್ಟು ಸೆಂಟರ್‌ಗಳಲ್ಲಿ ಜಾಹೀರಾತಿನ ಪುಟವೂ ವಿದ್ಯಾರ್ಥಿಗಳ ಲಾಗಿನ್ ಪುಟವೂ ಒಂದೇ ವೆಬ್‌ಸೈಟಿನಲ್ಲಿರುತ್ತವೆ. ಯಾರು ಬಂದರು, ಏನು ಒತ್ತಿದರು ಎಂದು ಮೆಟಾಗೆ, ಗೂಗಲ್‌ಗೆ ವರದಿ ಮಾಡುವ ಪಿಕ್ಸೆಲ್ ಎಂಬ ತುಣುಕು ಕೋಡನ್ನು ಇಡೀ ಸೈಟಿಗೆ ಒಮ್ಮೆಲೇ ಅಂಟಿಸಿರುತ್ತಾರೆ. ಆಗ ಓದುವ ಮಗು ಪ್ರತಿ ಸಲ ಲಾಗಿನ್ ಆದಾಗಲೂ ಜಾಹೀರಾತು ಕಂಪನಿಗೆ ಸುದ್ದಿ ಮುಟ್ಟುತ್ತದೆ. ಕಾಯ್ದೆ ಬೇಡವೆಂದ ಜಾಡು ಹಿಡಿಯುವಿಕೆ ಇದೇ. ಲಾಗಿನ್, ಅಭ್ಯಾಸ ಪರೀಕ್ಷೆ, ಫಲಿತಾಂಶದ ಪುಟಗಳಿಂದ ಅದನ್ನು ಕಿತ್ತುಹಾಕುವುದು ಅರ್ಧ ದಿನದ ಕೆಲಸ.

ಪ್ರಚಾರ ದಾರಿ ತಪ್ಪಿದ್ದನ್ನು ಕಂಡುಹಿಡಿಯುವುದು ಹೇಗೆ? ಇನ್ನೂರು ಲೀಡ್ ಬಂದವು, ಫೋನ್ ಮಾಡಿದಾಗ ಎಪ್ಪತ್ತರಲ್ಲಿ ಎತ್ತಿದ್ದು ಮಗು ಎಂದಿಟ್ಟುಕೊಳ್ಳಿ. ಅಪ್ಪನ ಖಾತೆಯಿಂದ ಮಗುವೇ ಫಾರ್ಮ್ ತುಂಬಿರಬಹುದು. ಜಾಹೀರಾತು ಯಾವ ಯಾವ ಚಾನೆಲ್‌ಗಳಲ್ಲಿ ಕಾಣಿಸಿತು ಎಂಬ ವರದಿ ತೆರೆದರೆ ಕಾರ್ಟೂನು, ಗೇಮಿಂಗ್ ಚಾನೆಲ್‌ಗಳು ಮೇಲೆ ಕೂತಿರಬಹುದು. ಇವನ್ನು ತೆಗೆದರೆ ಕ್ಲಿಕ್ಕುಗಳು ಕಡಿಮೆಯಾಗಿ ಪ್ರತಿ ಲೀಡಿನ ಬೆಲೆ ಏರುತ್ತದೆ. ಏಜೆನ್ಸಿಯವರು ಇದನ್ನು ಸೋಲು ಎಂದು ತೋರಿಸಬಹುದು. ನೋಡಬೇಕಾದದ್ದು ಲೀಡಿನ ಬೆಲೆಯನ್ನಲ್ಲ, ದಾಖಲಾದ ಒಬ್ಬ ವಿದ್ಯಾರ್ಥಿಗೆ ಬಿದ್ದ ಖರ್ಚನ್ನು. ಮಗು ಫೋನ್ ಎತ್ತಿದರೆ ಟೆಲಿಕಾಲರ್ ಮಾಡಬೇಕಾದದ್ದು ಒಂದೇ: ಅಪ್ಪ ಅಮ್ಮ ಸಿಗುವ ಹೊತ್ತು ಕೇಳಿ ಇಡುವುದು. ಅಂಕ ಎಷ್ಟು, ಯಾವ ಶಾಲೆ, ಬೇರೆ ಎಲ್ಲಿ ವಿಚಾರಿಸಿದ್ದೀರಿ ಎಂಬ ಮಾತು ಮಗುವಿನೊಡನೆ ಬೇಡ.

ಮುದ್ರಿತ ಜಾಹೀರಾತು, ಕೊಂಡ ಪಟ್ಟಿ

ಫಲಿತಾಂಶದ ಮರುದಿನ ಪತ್ರಿಕೆಯ ಮುಖಪುಟ ತುಂಬುವ ರ್‍ಯಾಂಕ್ ಫೋಟೊಗಳಿಗೆ ಓದುಗರನ್ನು ಗುರಿಯಿಡುವ ನಿಯಮ ತಗಲುವುದಿಲ್ಲ, ಪತ್ರಿಕೆಗೆ ಓದುಗರು ಯಾರೆಂದು ಗೊತ್ತಿರುವುದಿಲ್ಲವಲ್ಲ. ಆದರೆ ಮಾತಿನ ನಿಯಮ ಪೂರ್ತಿಯಾಗಿ ತಗಲುತ್ತದೆ. ಫ್ಲೆಕ್ಸ್, ಕರಪತ್ರಗಳಿಗೂ ಹಾಗೆಯೇ. ಆನ್‌ಲೈನ್ ಗುರಿ ಮಸುಕಾದಷ್ಟೂ ಹಣ ಮತ್ತೆ ಈ ಕಡೆಗೂ ಶಾಲೆಗಳಲ್ಲಿ ನಡೆಸುವ ‘ಕರಿಯರ್ ಗೈಡೆನ್ಸ್’ ಕಾರ್ಯಕ್ರಮಗಳ ಕಡೆಗೂ ಹರಿಯುವುದು ಸಹಜ. ಆ ಕಾರ್ಯಕ್ರಮದ ಕೊನೆಗೆ ಮಕ್ಕಳಿಂದ ಫೋನ್ ನಂಬರು ಬರೆಸಿಕೊಂಡು ಅದನ್ನು ಕಂಪ್ಯೂಟರಿಗೆ ಏರಿಸಿದ ಕ್ಷಣ ಮತ್ತೆ ಒಂಬತ್ತನೆಯ ಕಲಮು ಎದುರಾಗುತ್ತದೆ. ಶಾಲೆಯ ಹಾಜರಾತಿ ಪಟ್ಟಿಯನ್ನು ಯಾರೋ ಮಾರಿ ಇನ್ಯಾರೋ ಕೊಂಡದ್ದಾದರೆ ಅದಕ್ಕೆ ಒಪ್ಪಿಗೆಯ ಆಧಾರವೇ ಇಲ್ಲ.

ಪೋಷಕರ ಕೈಯಲ್ಲಿ ಇವತ್ತೇ ಇರುವ ದಾರಿಗಳು ಎರಡು. ಬೇಡದ ಕರೆಗಳಿಗೆ 1909ಕ್ಕೆ ಕರೆ ಮಾಡಿ ನೋಂದಾಯಿಸಿದರೆ ಶಿಕ್ಷಣ ಎಂಬ ವರ್ಗವೊಂದನ್ನೇ ಪ್ರತ್ಯೇಕವಾಗಿ ನಿಲ್ಲಿಸಬಹುದು. ಸುಳ್ಳು ಭರವಸೆಯ ಅಥವಾ ಮಗುವನ್ನು ಕೀಳು ಮಾಡುವ ಜಾಹೀರಾತು ಕಂಡರೆ ಅದರ ಸ್ಕ್ರೀನ್‌ಶಾಟ್ ತೆಗೆದು, ದಿನಾಂಕ ಬರೆದಿಟ್ಟುಕೊಂಡು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಜಾಹೀರಾತು ಮರುದಿನ ಮಾಯವಾಗಿರಬಹುದು, ಸ್ಕ್ರೀನ್‌ಶಾಟ್ ಮೊದಲು ತೆಗೆಯಿರಿ.